ತಾಳೆಯಾಗದ ಟಿಡಿಎಸ್ ಲೆಕ್ಕಕ್ಕೆ ಒಂದು ಪತ್ರ

ಸ್ವತಂತ್ರವಾಗಿ ದುಡಿಯುವವರಿಗೆ ಆದಾಯ ತೆರಿಗೆ ಇಲಾಖೆಯಿಂದ ಬರುವ ನೋಟಿಸುಗಳಲ್ಲಿ ಒಂದು ಬಗೆಯದು ಓದಿದ ಕೂಡಲೇ ಸಿಟ್ಟು ಬರಿಸುತ್ತದೆ. ‘ನಿಮಗೆ ಇಷ್ಟು ಕೊಟ್ಟಿದ್ದೇವೆಂದು ನಿಮ್ಮ ಗ್ರಾಹಕರು ತಿಳಿಸಿದ್ದಾರೆ. ನೀವು ರಿಟರ್ನ್‌ನಲ್ಲಿ ತೋರಿಸಿದ್ದು ಬೇರೆ ಮೊತ್ತ. ಕಾರಣ ತಿಳಿಸಿ’ ಎನ್ನುವುದು ಅದರ ಸಾರ. ಬಂದ ಹಣವನ್ನೆಲ್ಲ ನ್ಯಾಯವಾಗಿ ಬರೆದಿಟ್ಟವರಿಗೂ ಇದು ಬರುತ್ತದೆ. ಸಿಟ್ಟಿನಲ್ಲಿ ‘ನನ್ನ ಲೆಕ್ಕ ಸರಿಯಾಗಿದೆ, ಗ್ರಾಹಕರದ್ದೇ ತಪ್ಪು’ ಎಂದು ಎರಡು ಸಾಲು ಬರೆದು ಕಳಿಸುವವರೂ ಇದ್ದಾರೆ. ಆ ಎರಡು ಸಾಲು ಅವರನ್ನು ಇನ್ನಷ್ಟು ಇಕ್ಕಟ್ಟಿಗೆ ತಳ್ಳುತ್ತದೆ. ಯಾಕೆಂದರೆ ಇಂಥ ಬಹುಪಾಲು ಪ್ರಕರಣಗಳಲ್ಲಿ ಗ್ರಾಹಕರ ಲೆಕ್ಕವೂ ಸರಿಯಾಗಿಯೇ ಇರುತ್ತದೆ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಟಿಡಿಎಸ್ ಪ್ರಮಾಣಪತ್ರ ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ವೃತ್ತಿಪರ ಸೇವೆಗೆ ಶುಲ್ಕ ಕೊಡುವ ಕಂಪನಿ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನ ಪ್ರಕಾರ ಶೇಕಡ 10ರಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಯಾವಾಗ ಹಿಡಿಯಬೇಕು? ಹಣ ಕೊಡುವಾಗ, ಇಲ್ಲವೇ ತನ್ನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮೆ ಬರೆಯುವಾಗ, ಎರಡರಲ್ಲಿ ಯಾವುದು ಮೊದಲೋ ಆಗ. ಅಂದರೆ ನಿಮ್ಮ ಕೈಗೆ ಒಂದು ರೂಪಾಯಿ ಬರುವ ಮೊದಲೇ ನಿಮ್ಮ ಹೆಸರಿನಲ್ಲಿ ತೆರಿಗೆ ಕಡಿತ ಆಗಿರಬಹುದು. ಮೂರು ತಿಂಗಳಿಗೊಮ್ಮೆ ಕಂಪನಿ ಇದರ ವಿವರ ಸಲ್ಲಿಸುತ್ತದೆ, ಅದು ನಿಮ್ಮ ಪ್ಯಾನ್ ಹೆಸರಿನ 26ಎಎಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ, 16ಎ ಎಂಬ ಪ್ರಮಾಣಪತ್ರವಾಗಿ ನಿಮ್ಮ ಕೈ ಸೇರುತ್ತದೆ. ಅದರಲ್ಲಿ ನಮೂದಾದ ಮೊತ್ತ ‘ಯಾವ ಮೊತ್ತದ ಮೇಲೆ ತೆರಿಗೆ ಹಿಡಿಯಲಾಯಿತು’ ಎಂಬ ಪ್ರಶ್ನೆಗೆ ಉತ್ತರ. ‘ಈ ವರ್ಷ ನಿಮಗೆ ಎಷ್ಟು ಆದಾಯ ಬಂತು’ ಎಂಬುದಕ್ಕೆ ಅದು ಉತ್ತರವಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ನೀವು ಲೆಕ್ಕ ಇಡುವ ಪದ್ಧತಿಯಲ್ಲಿದೆ. ವೃತ್ತಿಯ ಆದಾಯವನ್ನು ನಗದು ಪದ್ಧತಿಯಲ್ಲಿ ಅಥವಾ ಮರ್ಕೆಂಟೈಲ್ ಪದ್ಧತಿಯಲ್ಲಿ ಲೆಕ್ಕ ಹಾಕಲು 145ನೇ ಕಲಮು ಅವಕಾಶ ಕೊಡುತ್ತದೆ. ನಗದು ಪದ್ಧತಿ ಎಂದಾಕ್ಷಣ ನೋಟಿನ ಕಂತೆ ನೆನಪಾಗಬೇಕಿಲ್ಲ, ಬ್ಯಾಂಕಿಗೆ ಬಂದದ್ದೂ ನಗದೇ. ಹಣ ಬಂದ ದಿನ ಆದಾಯ ಎಂಬುದಷ್ಟೇ ಅದರ ಅರ್ಥ. ಮರ್ಕೆಂಟೈಲ್‌ನಲ್ಲಿ ಕೆಲಸ ಮುಗಿದು ಬಿಲ್ಲಿನ ಹಕ್ಕು ಹುಟ್ಟಿದ ದಿನವೇ ಆದಾಯ. ಒಂಟಿಯಾಗಿ ದುಡಿಯುವ ಡಿಸೈನರು, ವಕೀಲರು, ಸಲಹೆಗಾರರು ನಗದು ಪದ್ಧತಿ ಹಿಡಿಯುವುದು ಸಾಮಾನ್ಯ, ಕಂಪನಿಗಳಿಗೆ ಆ ಆಯ್ಕೆಯೇ ಇಲ್ಲ. ಜಗಳದ ಬೇರು ಇರುವುದು ಇಲ್ಲೇ.

ಲೆಕ್ಕ ಬಿಡಿಸಿ ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಇಂಟೀರಿಯರ್ ಡಿಸೈನರ್. ಜಿಎಸ್‌ಟಿ ನೋಂದಣಿ ಇದೆ, ಲೆಕ್ಕ ನಗದು ಪದ್ಧತಿಯದು. ವರ್ಷ 2024-25. ಆ ವರ್ಷ ಅವರಿಗೆ ಮೂವರು ಗ್ರಾಹಕರಿಂದ 16ಎ ಬಂದಿದೆ. ಒಂದು ಕಟ್ಟಡ ಕಂಪನಿ 6,00,000 ರೂಪಾಯಿ ತೋರಿಸಿ 60,000 ಹಿಡಿದಿದೆ. ಒಂದು ಫರ್ನಿಚರ್ ಮಳಿಗೆ 3,54,000 ತೋರಿಸಿ 35,400 ಹಿಡಿದಿದೆ. ಒಂದು ಹೋಟೆಲ್ 2,40,000 ತೋರಿಸಿ 24,000 ಹಿಡಿದಿದೆ. ಒಟ್ಟು 11,94,000 ರೂಪಾಯಿ, ಕಡಿತ 1,19,400. ಡಿಸೈನರ್ ತಮ್ಮ ರಿಟರ್ನ್‌ನಲ್ಲಿ ತೋರಿಸಿದ ವೃತ್ತಿ ಜಮೆ 12,45,000.

ತೋರಿಸಿದ್ದು ಹೆಚ್ಚೇ ಇದೆಯಲ್ಲ, ಮತ್ತೇಕೆ ನೋಟಿಸ್ ಎಂದು ಕೇಳಬಹುದು. ಬಹಳ ಜನ ಎಡವುವುದೇ ಈ ಜಾಗದಲ್ಲಿ. ಒಟ್ಟು ಮೊತ್ತ ಹೆಚ್ಚಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. 51,000 ರೂಪಾಯಿಯ ಆ ವ್ಯತ್ಯಾಸದೊಳಗೆ ಒಂದನ್ನೊಂದು ಮುಚ್ಚಿಕೊಂಡ ಐದು ಬೇರೆ ಬೇರೆ ಬಾಬತ್ತುಗಳಿವೆ, ಅವನ್ನೆಲ್ಲ ಕೂಡಿದರೆ 4,79,000 ಆಗುತ್ತದೆ. ಅಧಿಕಾರಿ ನೋಡುವುದು ಗ್ರಾಹಕವಾರು. ಹೋಟೆಲಿನಿಂದ 2,40,000 ಬಂದಿದೆ ಎಂದು ಇದೆ, ನಿಮ್ಮ ಪುಸ್ತಕದಲ್ಲಿ 2,00,000 ಇದೆ, ಉಳಿದದ್ದು ಎಲ್ಲಿ?

ಮೊದಲ ಬಾಬತ್ತು ಕಟ್ಟಡ ಕಂಪನಿಯದು. 2025ರ ಮಾರ್ಚ್ 25ರಂದು ಡಿಸೈನರ್ ಆ ಕಂಪನಿಗೆ 1,20,000 ರೂಪಾಯಿ ಶುಲ್ಕ ಮತ್ತು ಶೇಕಡ 18ರಂತೆ 21,600 ಜಿಎಸ್‌ಟಿ ಸೇರಿಸಿ ಬಿಲ್ ಕಳಿಸಿದರು. ವರ್ಷ ಮುಗಿಯುವ ಮುನ್ನ ಕಂಪನಿ ಅದನ್ನು ಪುಸ್ತಕಕ್ಕೆ ಏರಿಸಿ 12,000 ತೆರಿಗೆ ಹಿಡಿಯಿತು. ಹಣ ಬಂದದ್ದು ಏಪ್ರಿಲ್ 18ಕ್ಕೆ. ಬ್ಯಾಂಕಿನಲ್ಲಿ ಕಂಡ ಮೊತ್ತ 1,29,600. ಈ ಅಂಕಿ ಬಿಲ್ಲಿನ ಯಾವ ಸಾಲಿನಲ್ಲೂ ಇಲ್ಲ, ಪ್ರಮಾಣಪತ್ರದಲ್ಲೂ ಇಲ್ಲ. ಶುಲ್ಕಕ್ಕೆ ಜಿಎಸ್‌ಟಿ ಕೂಡಿ, ಟಿಡಿಎಸ್ ಕಳೆದರೆ ಮಾತ್ರ ಅದು ಸಿಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕನ್ನು ಹಾಗೇ ಲಗತ್ತಿಸಿ ‘ನೋಡಿಕೊಳ್ಳಿ’ ಎಂದರೆ ಯಾರಿಗೂ ತಾಳೆಯಾಗದಿರುವುದು ಇದಕ್ಕೇ. ಕಂಪನಿಗೆ ಈ 1,20,000 ಆ ವರ್ಷದ ಖರ್ಚು, ಡಿಸೈನರ್‌ಗೆ ಮುಂದಿನ ವರ್ಷದ ಜಮೆ. ಎರಡೂ ಸರಿ. ಇದೇ ಕಂಪನಿಯ ಹಿಂದಿನ ಮಾರ್ಚಿನ 90,000 ರೂಪಾಯಿ ಬಿಲ್ ಇದೇ ರೀತಿ 2024ರ ಏಪ್ರಿಲ್‌ನಲ್ಲಿ ಬಂದಿತ್ತು. ಅದರ 9,000 ಟಿಡಿಎಸ್ ಇರುವುದು 2023-24ರ 26ಎಎಸ್‌ನಲ್ಲಿ, ಆದಾಯ ಸೇರುವುದು 2024-25ಕ್ಕೆ. ವ್ಯತ್ಯಾಸ ಎರಡೂ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ತೋರಿಸಿದರೆ ಪತ್ರಕ್ಕೆ ತೂಕ ಬರುತ್ತದೆ, ಪದ್ಧತಿಯನ್ನು ಅನುಕೂಲಕ್ಕೆ ತಕ್ಕಂತೆ ಬದಲಿಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅಂದಹಾಗೆ ಮಾರ್ಚ್ ಬಿಲ್ಲಿನ ಜಿಎಸ್‌ಟಿಯನ್ನು ಹಣ ಬರಲಿ ಬಿಡಲಿ, ಮಾರ್ಚ್ ಅವಧಿಯ ಜಿಎಸ್‌ಟಿ ರಿಟರ್ನ್‌ನಲ್ಲೇ ತೋರಿಸಬೇಕು. ಹಾಗಾಗಿ ಜಿಎಸ್‌ಟಿ ವಹಿವಾಟು ಎಂಬ ಮೂರನೆಯ ಅಂಕಿಯೊಂದು ಹುಟ್ಟಿಕೊಳ್ಳುತ್ತದೆ. ಅದೂ ಮೊದಲೆರಡಕ್ಕೆ ತಾಳೆಯಾಗುವುದಿಲ್ಲ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಇವೆಲ್ಲ ಒಂದೇ ಕಡೆ ಕಾಣುವುದರಿಂದ ಆ ಪ್ರಶ್ನೆಗೂ ಅದೇ ಪತ್ರದಲ್ಲಿ ಒಂದು ವಾಕ್ಯ ಬರೆದಿಡುವುದು ಜಾಣತನ.

ಫರ್ನಿಚರ್ ಮಳಿಗೆಯದು ಬೇರೆ ಕಥೆ. ಬಿಲ್ಲಿನಲ್ಲಿ 3,00,000 ಶುಲ್ಕ, 54,000 ಜಿಎಸ್‌ಟಿ ಎಂದು ಬಿಡಿಬಿಡಿಯಾಗಿ ಬರೆದಿತ್ತು. ಜಿಎಸ್‌ಟಿಯನ್ನು ಹೀಗೆ ಪ್ರತ್ಯೇಕವಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 2017ರ ಜುಲೈ 19ರ 23ನೇ ಸುತ್ತೋಲೆಯಲ್ಲೇ ಹೇಳಿದೆ. ಮಳಿಗೆಯ ಲೆಕ್ಕದವರು ಒಟ್ಟು ಮೊತ್ತದ ಮೇಲೆ ಹಿಡಿದುಬಿಟ್ಟಿದ್ದಾರೆ. ಇದರಿಂದ ಡಿಸೈನರ್ ಆದಾಯ 3,54,000 ಆಗುವುದಿಲ್ಲ. ಆ 54,000 ಸರ್ಕಾರಕ್ಕೆ ಕಟ್ಟಿದ ಹಣ. ಹೆಚ್ಚಾಗಿ ಹಿಡಿದ 5,400 ಕೂಡ ಅವರ ಹೆಸರಿನಲ್ಲೇ ಜಮೆಯಾಗಿರುವುದರಿಂದ ಪೂರ್ತಿ 35,400ನ್ನು ಕ್ಲೇಮ್ ಮಾಡಬಹುದು.

ಹೋಟೆಲಿನ 40,000 ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಂಗಳೂರಿಗೆ ಓಡಾಡಿದ ಖರ್ಚು, ಬಟ್ಟೆ ಮತ್ತು ಪ್ಲೈವುಡ್ ಮಾದರಿ ತರಿಸಿದ ಖರ್ಚನ್ನು ಡಿಸೈನರ್ ಮೊದಲು ತಾವೇ ಕೊಟ್ಟು, ಆಮೇಲೆ ಹೋಟೆಲಿನಿಂದ ವಾಪಸು ಪಡೆದದ್ದು. ಇದನ್ನು ಶುಲ್ಕದ ಬಿಲ್ಲಿನೊಳಗೇ ಸೇರಿಸಿದ್ದರೆ ಒಟ್ಟು ಮೊತ್ತದ ಮೇಲೆ ತೆರಿಗೆ ಹಿಡಿಯಬೇಕೆಂದು ಮಂಡಳಿಯ 1995ರ 715ನೇ ಸುತ್ತೋಲೆ ಹೇಳುತ್ತದೆ. ಆಗ ಮಾಡಬೇಕಾದದ್ದು ಸರಳ: 2,40,000 ಪೂರ್ತಿ ಜಮೆ ತೋರಿಸಿ, 40,000 ಖರ್ಚು ಬರೆಯುವುದು. ವ್ಯತ್ಯಾಸವೇ ಹುಟ್ಟುವುದಿಲ್ಲ. ನಮ್ಮ ಡಿಸೈನರ್ ಹಾಗಲ್ಲದೆ ಹೋಟೆಲಿನ ಹೆಸರಿನಲ್ಲೇ ಪಡೆದ ರಸೀದಿಗಳನ್ನು ಲಗತ್ತಿಸಿ ಬೇರೆಯೇ ಪಟ್ಟಿ ಕೊಟ್ಟಿದ್ದರು, ಹೋಟೆಲ್ ಎರಡನ್ನೂ ಒಟ್ಟು ಸೇರಿಸಿ ತೆರಿಗೆ ಹಿಡಿಯಿತು. ರಸೀದಿ ಇದ್ದರೆ ಈ ವಾದ ನಿಲ್ಲುತ್ತದೆ, ಇಲ್ಲದಿದ್ದರೆ ಕಷ್ಟ. 44ಎಡಿಎ ಕಲಮಿನಡಿ ಒಟ್ಟು ಜಮೆಯ ಅರ್ಧವನ್ನು ಆದಾಯವೆಂದು ಘೋಷಿಸುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಅವರಿಗೆ ಖರ್ಚನ್ನು ಬೇರೆಯಾಗಿ ಕಳೆಯುವ ದಾರಿಯಿಲ್ಲದ ಕಾರಣ, ಜಮೆಯೊಳಗೆ ನುಸುಳಿದ ಪ್ರತಿ ಬಸ್ ಟಿಕೆಟ್ಟಿನ ಅರ್ಧಕ್ಕೆ ತೆರಿಗೆ ಬೀಳುತ್ತದೆ.

ಐದನೆಯದು 16ಎಯಲ್ಲಿ ಇಲ್ಲವೇ ಇಲ್ಲ. ಮನೆ ಕಟ್ಟಿಸಿದ ಕೆಲವರು ಕೊಟ್ಟ 1,75,000. ಸ್ವಂತ ಮನೆಯ ಕೆಲಸಕ್ಕೆ ಶುಲ್ಕ ಕೊಡುವವರು 194ಜೆ ಪ್ರಕಾರ ತೆರಿಗೆ ಹಿಡಿಯಬೇಕಿಲ್ಲ. 26ಎಎಸ್‌ನಲ್ಲಿ ಇಲ್ಲದ್ದನ್ನೂ ತಾವಾಗಿಯೇ ತೋರಿಸಿದ್ದಾರೆ ಎಂಬುದು ಡಿಸೈನರ್ ಪರವಾಗಿ ಮಾತಾಡುವ ಸಂಗತಿ. ಪತ್ರದಲ್ಲಿ ಇದನ್ನು ಹೇಳಲು ಮರೆಯಬಾರದು.

ಇಷ್ಟು ತಿಳಿದ ಮೇಲೆ ಪತ್ರ ಬರೆಯುವುದು ಕಷ್ಟವಲ್ಲ. ಇಲಾಖೆಗೆ ಹೋಗುವ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಪೋರ್ಟಲಿನ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಲಗತ್ತಿಸಬೇಕಾಗುತ್ತದೆ. ಒಳಗಿನ ಮಾತು ಮಾತ್ರ ಹೀಗಿರಲಿ:

‘ಮಾನ್ಯರೇ,

ತಮ್ಮ ನೋಟಿಸಿಗೆ ಸಂಬಂಧಿಸಿದಂತೆ ಈ ವಿವರಣೆ ಸಲ್ಲಿಸುತ್ತಿದ್ದೇನೆ. ನಾನು ಇಂಟೀರಿಯರ್ ಡಿಸೈನ್ ವೃತ್ತಿಯಲ್ಲಿದ್ದು, ವೃತ್ತಿ ಆರಂಭಿಸಿದಂದಿನಿಂದ ನಗದು ಪದ್ಧತಿಯಲ್ಲೇ ಲೆಕ್ಕ ಇಟ್ಟಿದ್ದೇನೆ. 2024-25ರ ವೃತ್ತಿ ಜಮೆ 12,45,000 ರೂಪಾಯಿ. ಟಿಡಿಎಸ್ ಪ್ರಮಾಣಪತ್ರಗಳ ಪ್ರಕಾರ 11,94,000 ರೂಪಾಯಿ. ಎರಡರ ತಾಳೆ ಹೀಗಿದೆ.

ಪ್ರಮಾಣಪತ್ರಗಳ ಒಟ್ಟು ಮೊತ್ತ: 11,94,000
ಕಳೆಯಿರಿ, 25-3-2025ರ ಬಿಲ್, ಹಣ ಬಂದದ್ದು 18-4-2025: 1,20,000
ಕಳೆಯಿರಿ, ಜಿಎಸ್‌ಟಿ ಮೇಲೂ ಟಿಡಿಎಸ್ ಹಿಡಿದದ್ದರಿಂದ ಸೇರಿದ ಮೊತ್ತ: 54,000
ಕಳೆಯಿರಿ, ಗ್ರಾಹಕರ ಪರವಾಗಿ ಕೊಟ್ಟು ವಾಪಸು ಪಡೆದ ಖರ್ಚು: 40,000
ಕೂಡಿಸಿ, ಮಾರ್ಚ್ 2024ರ ಬಿಲ್, ಹಣ ಬಂದದ್ದು ಏಪ್ರಿಲ್ 2024: 90,000
ಕೂಡಿಸಿ, ಟಿಡಿಎಸ್ ಅನ್ವಯಿಸದ ಜಮೆ: 1,75,000
ಪುಸ್ತಕ ಮತ್ತು ರಿಟರ್ನ್ ಪ್ರಕಾರ ಜಮೆ: 12,45,000

ಮೊದಲ ಬಾಬತ್ತಿಗೆ ಸೇರಿದ 12,000 ರೂಪಾಯಿ ಟಿಡಿಎಸ್‌ಅನ್ನು ಈ ವರ್ಷ ಕ್ಲೇಮ್ ಮಾಡಿಲ್ಲ. ಆದಾಯ ತೆರಿಗೆ ನಿಯಮ 37ಬಿಎ(3)ರ ಪ್ರಕಾರ ಅದನ್ನು ಮುಂದಿನ ವರ್ಷಕ್ಕೆ ಒಯ್ದಿದ್ದೇನೆ. ಆ 1,20,000 ರೂಪಾಯಿಯನ್ನು 2025-26ರ ಆದಾಯದಲ್ಲಿ ಸೇರಿಸಿದ್ದೇನೆ. ಹಿಂದಿನ ವರ್ಷದಿಂದ ತಂದ 9,000 ರೂಪಾಯಿಯನ್ನು ಈ ವರ್ಷ ಕ್ಲೇಮ್ ಮಾಡಿದ್ದೇನೆ. ಹೀಗಾಗಿ ಈ ವರ್ಷ ಕ್ಲೇಮ್ ಮಾಡಿದ ಒಟ್ಟು ಟಿಡಿಎಸ್ 1,16,400 ರೂಪಾಯಿ. ಜಿಎಸ್‌ಟಿ ರಿಟರ್ನ್‌ಗಳ ವಹಿವಾಟು ಬಿಲ್ಲಿನ ದಿನಾಂಕದ ಪ್ರಕಾರ ಇರುವುದರಿಂದ ಅದೂ ಈ ಜಮೆಗಿಂತ ಭಿನ್ನವಾಗಿದೆ.

ಬಿಲ್ಲುಗಳು, ಗುರುತು ಹಾಕಿದ ಬ್ಯಾಂಕ್ ಪುಟಗಳು, ಗ್ರಾಹಕವಾರು ಲೆಡ್ಜರ್ ಮತ್ತು ಖರ್ಚಿನ ರಸೀದಿಗಳನ್ನು ಲಗತ್ತಿಸಿದ್ದೇನೆ.’

ಈ ಪತ್ರದಲ್ಲಿ ನಿರ್ಣಾಯಕವಾದದ್ದು ಟಿಡಿಎಸ್ ಬಗೆಗಿನ ಆ ಕೊನೆಯ ಭಾಗ. ಆದಾಯ ಯಾವ ವರ್ಷಕ್ಕೆ ಸೇರುತ್ತದೋ ಅದರ ಮೇಲಿನ ಟಿಡಿಎಸ್ ಕೂಡ ಅದೇ ವರ್ಷಕ್ಕೆ ಸಲ್ಲುತ್ತದೆ ಎನ್ನುತ್ತದೆ 37ಬಿಎ ನಿಯಮ. ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ಹಿಂದಿನ ವರ್ಷದಿಂದ ತಂದದ್ದು, ಈ ವರ್ಷ ಕ್ಲೇಮ್ ಮಾಡಿದ್ದು, ಮುಂದಕ್ಕೆ ಒಯ್ದದ್ದು ಎಂದು ಕಾಲಮುಗಳಿರುವುದು ಇದಕ್ಕಾಗಿಯೇ. ಜನ ಮಾಡುವುದೇನು? 26ಎಎಸ್‌ನಲ್ಲಿ ಕಂಡ ಟಿಡಿಎಸ್ ಪೂರ್ತಿಯಾಗಿ ತಾನಾಗಿಯೇ ತುಂಬಿಕೊಂಡಿರುತ್ತದೆ, ಅದನ್ನು ಮುಟ್ಟದೆ ಬಿಡುತ್ತಾರೆ, ಆದಾಯವನ್ನು ಮಾತ್ರ ತಮ್ಮ ಪುಸ್ತಕದಂತೆ ಬರೆಯುತ್ತಾರೆ. 12,000 ರೂಪಾಯಿ ತೆರಿಗೆಯನ್ನು ಈ ವರ್ಷ ಪಡೆದು, ಅದು ಹುಟ್ಟಿದ 1,20,000 ಆದಾಯವನ್ನು ಮುಂದಿನ ವರ್ಷಕ್ಕೆ ತಳ್ಳಿದ ಹಾಗಾಗುತ್ತದೆ. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಕಂಪ್ಯೂಟರ್ ಹುಡುಕುವುದು ಇಂಥದ್ದನ್ನೇ. ದೇಶದ ಯಾವ ಮೂಲೆಯಿಂದ ರಿಟರ್ನ್ ಹಾಕಿದರೂ ಅದು ಮೊದಲು ಬರುವುದು ಇಲ್ಲಿಗೆ. ಟಿಡಿಎಸ್ ಕ್ಲೇಮ್ ಇದ್ದು ಆದಾಯ ಇಲ್ಲವೆಂದು ಕಂಡರೆ 139(9)ರ ಅಡಿ ‘ದೋಷವಿರುವ ರಿಟರ್ನ್’ ಎಂಬ ನೋಟಿಸ್ ಬರಬಹುದು. ಅದಕ್ಕೆ ಉತ್ತರಿಸಲು ಇರುವುದು 15 ದಿನ.

ಆಡಿಟರುಗಳ ನಡುವೆ ಇಲ್ಲೊಂದು ಭಿನ್ನಾಭಿಪ್ರಾಯವೂ ಇದೆ. ಹಿಡಿದ ತೆರಿಗೆಯನ್ನು ನಿಮಗೆ ಬಂದ ಆದಾಯವೆಂದೇ ಭಾವಿಸಬೇಕು ಎನ್ನುತ್ತದೆ 198ನೇ ಕಲಮು. ಹಾಗಾದರೆ ಆ 12,000 ಮಾತ್ರ ಮಾರ್ಚಿನಲ್ಲೇ ಬಂದಂತಾಯಿತು, ಅಷ್ಟನ್ನು ಈ ವರ್ಷದ ಆದಾಯಕ್ಕೆ ಸೇರಿಸಿ ಟಿಡಿಎಸ್ ಪೂರ್ತಿ ಈ ವರ್ಷವೇ ಪಡೆಯಬಹುದು ಎಂಬುದು ಒಂದು ವಾದ. ತೆರಿಗೆ ನ್ಯಾಯಮಂಡಳಿಯ ಕೆಲವು ಪೀಠಗಳು ನಗದು ಪದ್ಧತಿಯವರ ವಿಷಯದಲ್ಲಿ ಇದನ್ನು ಒಪ್ಪಿವೆ. ನನಗೆ ಮುಂದಕ್ಕೆ ಒಯ್ಯುವ ದಾರಿಯೇ ಹೆಚ್ಚು ನಿರಾಳ ಅನಿಸುತ್ತದೆ. ರಿಟರ್ನ್ ನಮೂನೆಯೇ ಅದಕ್ಕೆ ಜಾಗ ಮಾಡಿಕೊಟ್ಟಿದೆ, ನ್ಯಾಯಮಂಡಳಿಯವರೆಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಅದೇ 198ನೇ ಕಲಮು ಇನ್ನೊಂದು ವಿಷಯವನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಇತ್ಯರ್ಥ ಮಾಡುತ್ತದೆ. ಹೋಟೆಲಿನಿಂದ 2,00,000 ಶುಲ್ಕದಲ್ಲಿ 20,000 ಕಡಿತವಾಗಿ ಬ್ಯಾಂಕಿಗೆ 1,80,000 ಬಂತು ಎಂದುಕೊಳ್ಳಿ. ಜಮೆ 1,80,000 ಎಂದು ಬರೆದರೆ ಅದು ಬರೀ ತಪ್ಪು, ಯಾವ ಪದ್ಧತಿಯೂ ಅದನ್ನು ಸಮರ್ಥಿಸುವುದಿಲ್ಲ. ವ್ಯತ್ಯಾಸ ಪ್ರತಿ ಗ್ರಾಹಕರಲ್ಲೂ ಸರಿಯಾಗಿ ಹತ್ತನೇ ಒಂದು ಭಾಗದಷ್ಟೇ ಕಂಡರೆ ಕಾರಣ ಇದೇ ಎಂದು ತಿಳಿಯಬಹುದು. ಅಂಥವರು ಪತ್ರ ಬರೆಯಬೇಕಿಲ್ಲ, ರಿಟರ್ನ್ ತಿದ್ದಬೇಕು.

ಪತ್ರದಿಂದ ಬಗೆಹರಿಯದ ಇನ್ನೊಂದು ಬಗೆಯಿದೆ. ಗ್ರಾಹಕರು ಬೇರೆಯವರ ಹಣವನ್ನು ನಿಮ್ಮ ಪ್ಯಾನ್‌ಗೆ ಹಾಕಿರುತ್ತಾರೆ, ಅಥವಾ ಒಂದೇ ಬಿಲ್ಲಿಗೆ ಪುಸ್ತಕಕ್ಕೆ ಏರಿಸುವಾಗ ಒಮ್ಮೆ, ಹಣ ಕೊಡುವಾಗ ಇನ್ನೊಮ್ಮೆ ತೆರಿಗೆ ಹಿಡಿದಿರುತ್ತಾರೆ. ಎಐಎಸ್‌ನಲ್ಲಿ ‘ಈ ಮಾಹಿತಿ ಸರಿಯಿಲ್ಲ’ ಎಂದು ದಾಖಲಿಸಬಹುದು, ದಾಖಲಿಸಲೂಬೇಕು. ಆದರೆ 26ಎಎಸ್ ಬದಲಾಗುವುದು ಗ್ರಾಹಕರೇ ತಮ್ಮ ಟಿಡಿಎಸ್ ವಿವರಕ್ಕೆ ತಿದ್ದುಪಡಿ ಸಲ್ಲಿಸಿದಾಗ ಮಾತ್ರ. ಹಾಗಾಗಿ ಇಲಾಖೆಗೆ ಬರೆಯುವ ಮೊದಲು ಗ್ರಾಹಕರ ಲೆಕ್ಕ ವಿಭಾಗಕ್ಕೆ ಇಮೇಲ್ ಕಳಿಸಿ, ಅದರ ಪ್ರತಿಯನ್ನೇ ಪತ್ರಕ್ಕೆ ಲಗತ್ತಿಸಬೇಕು. ಎಷ್ಟೋ ಸಲ ಅವರು ತಿದ್ದುವುದಿಲ್ಲ. ಆಗ ಅವರ ಪುಸ್ತಕದಲ್ಲಿರುವ ನಿಮ್ಮ ಖಾತೆಯ ಪ್ರತಿಯನ್ನಾದರೂ ಕೇಳಿ ಪಡೆಯಿರಿ. ಪ್ರಮಾಣಪತ್ರದಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಮೊತ್ತವನ್ನು ಆದಾಯಕ್ಕೆ ಸೇರಿಸಲಾಗದು ಎಂದು ಹಲವು ತೀರ್ಪುಗಳಿವೆ, ಆದರೂ ವಿವರಿಸುವ ಹೊಣೆ ನಿಮ್ಮದೇ.

ಮರ್ಕೆಂಟೈಲ್ ಪದ್ಧತಿ ಹಿಡಿದವರಿಗೆ ಇದೇ ತಾಪತ್ರಯ ತಲೆಕೆಳಗಾಗಿ ಬರುತ್ತದೆ. ಮಾರ್ಚ್ ಬಿಲ್ಲನ್ನು ಅವರು ಆ ವರ್ಷದ ಆದಾಯಕ್ಕೇ ಸೇರಿಸಿ ತೆರಿಗೆ ಕಟ್ಟಿರುತ್ತಾರೆ. ಗ್ರಾಹಕರು ಬಿಲ್ಲನ್ನು ಮೇಜಿನ ಮೇಲೆ ಇಟ್ಟುಕೊಂಡು ಜೂನ್‌ನಲ್ಲಿ ಪಾಸು ಮಾಡಿ, ಆಗ ಟಿಡಿಎಸ್ ಹಿಡಿಯುತ್ತಾರೆ. ಆದಾಯ ಹಿಂದಿನ ವರ್ಷದ್ದು, ಟಿಡಿಎಸ್ ಮುಂದಿನ ವರ್ಷದ್ದು. ಬಹುಕಾಲ ಇದಕ್ಕೆ ಸುಲಭದ ದಾರಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ 155(20) ಕಲಮು ಬಂದು, ನಮೂನೆ 71ರಲ್ಲಿ ಅರ್ಜಿ ಹಾಕಿ ಆ ಟಿಡಿಎಸ್ ಅನ್ನು ಆದಾಯ ತೋರಿಸಿದ ವರ್ಷಕ್ಕೇ ಪಡೆಯುವ ಅವಕಾಶ ಸಿಕ್ಕಿತು. ತೆರಿಗೆ ಹಿಡಿದ ಹಣಕಾಸು ವರ್ಷ ಮುಗಿದು ಎರಡು ವರ್ಷದೊಳಗೆ ಅರ್ಜಿ ಹೋಗಬೇಕು. ಗೊತ್ತಿಲ್ಲದೆ ಅವಧಿ ಕಳೆದುಕೊಂಡವರ ಟಿಡಿಎಸ್ ಸರ್ಕಾರದಲ್ಲೇ ಉಳಿಯುತ್ತದೆ.

ಇಲ್ಲಿ ಹೇಳಿದ ಕಲಮುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಟಿಡಿಎಸ್ ಕಲಮುಗಳು 393ನೇ ಕಲಮಿನೊಳಗೆ ಸೇರುತ್ತವೆ. ಅದಕ್ಕಿಂತ ಹಿಂದಿನ ವರ್ಷಗಳ ನೋಟಿಸಿಗೆ ಹಳೆಯ ಕಲಮುಗಳನ್ನೇ ಉಲ್ಲೇಖಿಸಿ ಉತ್ತರಿಸಬೇಕು. ನಮ್ಮ ಡಿಸೈನರ್‌ಗೆ ಅದು ಒಂದು ವರ್ಷದ ಮಟ್ಟಿಗೆ ಮಹತ್ವದ್ದು. ಅವರು ಮುಂದಕ್ಕೆ ಒಯ್ದ 12,000 ರೂಪಾಯಿ 2025-26ರ ರಿಟರ್ನ್‌ನಲ್ಲಿ ‘ಹಿಂದಿನಿಂದ ತಂದದ್ದು’ ಎಂಬ ಕಾಲಮಿಗೆ ಬರಬೇಕು, ಆ ರಿಟರ್ನ್ ಹಳೆಯ ಕಾಯ್ದೆಯಡಿಯದೇ. ಆ ಕಾಲಮನ್ನು ತಾವೇ ತುಂಬಬೇಕು. ಯಾಕೆಂದರೆ ಆ ವರ್ಷದ 26ಎಎಸ್‌ನಲ್ಲಿ ಈ 12,000 ಎಲ್ಲೂ ಕಾಣುವುದಿಲ್ಲ.